ನೆಲದೊಳಗಿನ ಕಂಬಕ್ಕೆ ಎಷ್ಟು ಕಾಂಕ್ರೀಟ್?

ಪೈಲ್ ಹಾಕಿ ವಾರ ಕಳೆಯುವಷ್ಟರಲ್ಲಿ ಕೆಲಸಗಾರರು ಬಂದು ಅದರ ತಲೆ ಒಡೆಯಲು ಶುರು ಮಾಡುತ್ತಾರೆ. ಮನೆ ಕಟ್ಟಿಸುವವರಿಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸಿಮೆಂಟು, ಜಲ್ಲಿ, ಮರಳು ಎಲ್ಲಕ್ಕೂ ದುಡ್ಡು ಕೊಟ್ಟು ಹಾಕಿಸಿದ ಕಾಂಕ್ರೀಟನ್ನು ಮೇಲಿಂದ ಒಂದು, ಒಂದೂವರೆ ಮೀಟರ್ ಕುಟ್ಟಿ ಪುಡಿ ಮಾಡಿ ಮೂಲೆಗೆ ಹಾಕುತ್ತಾರೆ. ‘ಒಡೆಯೋದೇ ಆದ್ರೆ ಹಾಕಿದ್ದು ಯಾಕೆ?’ ಎಂದು ಕೇಳದ ಮಾಲೀಕರು ಕಡಿಮೆ. ಕೇಳಲೇಬೇಕಾದ ಪ್ರಶ್ನೆ ಅದು. ಅದಕ್ಕೆ ಉತ್ತರ ಸಿಗಬೇಕಾದರೆ ನೆಲದೊಳಗಿನ ಆ ಕಂಬಕ್ಕೆ ಕಾಂಕ್ರೀಟ್ ಎಷ್ಟು ಬೇಕು ಎಂಬ ಲೆಕ್ಕವನ್ನು ಬುಡದಿಂದ ನೋಡಬೇಕು. ಲೆಕ್ಕ ಶಾಲೆಯ ಮಟ್ಟದ್ದೇ. ಆದರೆ ಕಣ್ಣಿಗೆ ಕಾಣದ ಕಂಬ ಒಳಗೆ ಹೇಗೆ ಮೂಡಿದೆ ಎಂದು ಕಾಂಕ್ರೀಟ್ ಹಸಿಯಾಗಿರುವಾಗಲೇ ಹೇಳುವ ಸಾಧನವೂ ಅದೇ.

ಮಂಗಳೂರಿನ ನೇತ್ರಾವತಿ, ಫಲ್ಗುಣಿ ನದಿಗಳ ಅಂಚಿನ ಜಾಗವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೇಲೆ ತುಂಬಿಸಿದ ಮಣ್ಣು, ಕೆಳಗೆ ಸಡಿಲ ಮರಳು ಮತ್ತು ಕೆಸರಿನಂಥ ಜೇಡಿ, ಇನ್ನೂ ಕೆಳಗೆ ಹೋದರೆ ಗಟ್ಟಿ ಪದರ. ಸಾಮಾನ್ಯ ಪಾಯ ಇಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಗಟ್ಟಿ ಪದರದವರೆಗೂ ದುಂಡಗೆ ತೂತು ಕೊರೆದು, ಅದರೊಳಗೆ ಕಂಬಿಯ ಪಂಜರ ಇಳಿಸಿ, ಕಾಂಕ್ರೀಟ್ ತುಂಬುತ್ತಾರೆ. ತೂತಿನ ಬಾಯಿ ಕುಸಿಯದಂತೆ ಮೊದಲ ಕೆಲವು ಮೀಟರಿಗೆ ಉಕ್ಕಿನ ಕೇಸಿಂಗ್ ಇರುತ್ತದೆ. ಅದರ ಕೆಳಗಿನ ಗೋಡೆಯನ್ನು ಹಿಡಿದು ನಿಲ್ಲಿಸುವುದು ಬೆಂಟೊನೈಟ್ ಕಲಸಿದ ನೀರು. ಕಾಂಕ್ರೀಟನ್ನು ಮೇಲಿಂದ ಸುರಿದರೆ ಅದು ಆ ನೀರಿನಲ್ಲಿ ಕದಡಿ ಜಲ್ಲಿ ಬೇರೆ, ಸಿಮೆಂಟು ಬೇರೆ ಆಗಿಬಿಡುತ್ತದೆ. ಹಾಗಾಗಿ ತೂತಿನ ತಳದವರೆಗೆ ಟ್ರೆಮಿ ಪೈಪ್ ಇಳಿಸಿ, ಮೇಲಿನ ಹಾಪರ್‌ಗೆ ಕಾಂಕ್ರೀಟ್ ಹಾಕುತ್ತಾರೆ. ಅದು ತಳದಿಂದ ಮೇಲೇರುತ್ತಾ ಬೆಂಟೊನೈಟನ್ನು ಮೇಲಕ್ಕೆ ತಳ್ಳಿ ಹೊರಹಾಕುತ್ತದೆ.

ಈಗ ಲೆಕ್ಕ. ಪೈಲಿನ ವ್ಯಾಸ 600 ಮಿಲಿಮೀಟರ್ ಎಂದುಕೊಳ್ಳೋಣ. ತೂತಿನ ತಳ ನೆಲಮಟ್ಟದಿಂದ 18 ಮೀಟರ್ ಕೆಳಗಿದೆ. ಕಂಬ ಕೊನೆಗೆ ನಿಲ್ಲಬೇಕಾದ ತುದಿ, ಅಂದರೆ ಕಟ್-ಆಫ್ ಮಟ್ಟ, ನೆಲದಿಂದ ಒಂದೂವರೆ ಮೀಟರ್ ಕೆಳಗೆ. ಅಲ್ಲಿಂದ ಮೇಲೆ ಪೈಲ್ ಕ್ಯಾಪ್ ಕೂರುತ್ತದೆ. ಹಾಗಾದರೆ ಕಟ್ಟಡದ ಭಾರ ಹೊರುವ ಕಂಬದ ಉದ್ದ 16.5 ಮೀಟರ್. ಸೈಟಿನಲ್ಲಿ ಎಲ್ಲರೂ ಬಳಸುವ ಸೂತ್ರ ಇದು:

V = 0.785 × D × D × L

ವ್ಯಾಸವನ್ನೂ ಉದ್ದವನ್ನೂ ಮೀಟರಿನಲ್ಲೇ ಹಾಕಬೇಕು. 0.6 ಮೀಟರ್ ವ್ಯಾಸದ ವೃತ್ತದ ವಿಸ್ತೀರ್ಣ 0.283 ಚದರ ಮೀಟರ್. ಅದನ್ನು 16.5ರಿಂದ ಗುಣಿಸಿದರೆ 4.67 ಘನ ಮೀಟರ್. ಕಂಬಿಗಳು ಹಿಡಿಯುವ ಜಾಗ ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟೂ ಇರುವುದಿಲ್ಲ. ಅದನ್ನು ಕಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ.

ಉದ್ದ ಅಳೆಯುವಾಗ ಒಂದು ಎಚ್ಚರಿಕೆ ಬೇಕು. ಕೇಸಿಂಗ್‌ನ ಬಾಯಿ ನೆಲಕ್ಕಿಂತ ಮೂವತ್ತು, ನಲವತ್ತು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಆಳ ನೋಡಲು ಟೇಪಿನ ತುದಿಗೆ ಗುಂಡು ಕಟ್ಟಿ ಇಳಿಬಿಡುವವನು ಟೇಪನ್ನು ಹಿಡಿಯುವುದು ಆ ಬಾಯಿಯ ಹತ್ತಿರ. ನಕ್ಷೆಯಲ್ಲಿ ಬರೆದಿರುವುದು ನೆಲಮಟ್ಟದಿಂದ. ಇವೆರಡನ್ನೂ ಬೆರೆಸಿದರೆ 40 ಸೆಂಟಿಮೀಟರ್ ಎಲ್ಲೋ ಕಳೆದುಹೋಗುತ್ತದೆ. ಕಾಂಕ್ರೀಟಿನ ಪ್ರಮಾಣದಲ್ಲಿ ಅದು ದೊಡ್ಡದಲ್ಲ. ಆದರೆ ಕಟ್-ಆಫ್ ಮಟ್ಟವನ್ನು ತಪ್ಪು ಗುರುತಿನಿಂದ ಅಳೆದರೆ, ಮೇಲೆ ಇರಬೇಕಾದ ಹೆಚ್ಚುವರಿ ಕಾಂಕ್ರೀಟಿನಲ್ಲಿ ಅಷ್ಟೂ ಕಡಿತ ಬೀಳುತ್ತದೆ. ಎಲ್ಲ ಅಳತೆಯೂ ಒಂದೇ ಗುರುತಿನಿಂದ ಆಗಬೇಕು, ಆ ಗುರುತು ಯಾವುದೆಂದು ಪುಸ್ತಕದಲ್ಲಿ ಬರೆದಿರಬೇಕು.

ಇನ್ನು ಆ ಹೆಚ್ಚುವರಿ ಕಾಂಕ್ರೀಟಿನ ವಿಷಯ. ಟ್ರೆಮಿ ಪೈಪಿನ ತುದಿ ಸದಾ ಹಸಿ ಕಾಂಕ್ರೀಟಿನೊಳಗೆ ಹುದುಗಿರುತ್ತದೆ. ಹೊಸದಾಗಿ ಬರುವ ಕಾಂಕ್ರೀಟ್ ಒಳಗಿನಿಂದ ಉಬ್ಬಿ, ಮೊದಲು ಬಂದದ್ದನ್ನು ಮೇಲೆತ್ತುತ್ತದೆ. ಹೀಗಾಗಿ ಮೊಟ್ಟಮೊದಲು ತಳ ಮುಟ್ಟಿದ ಕಾಂಕ್ರೀಟಿನ ಬಹುಪಾಲು ಇಡೀ ಹದಿನೆಂಟು ಮೀಟರ್ ಮೇಲೇರಿ ಕೊನೆಗೆ ತಲೆಯ ಭಾಗದಲ್ಲಿ ನಿಲ್ಲುತ್ತದೆ. ದಾರಿಯುದ್ದಕ್ಕೂ ಬೆಂಟೊನೈಟಿಗೆ ಮೈಯೊಡ್ಡಿ ಬಂದದ್ದು ಅದೇ. ತಳದಲ್ಲಿ ಉಳಿದ ಕೆಸರು, ಗೋಡೆಯಿಂದ ಉದುರಿದ ಮರಳು, ನೀರಿನಲ್ಲಿ ತೊಳೆದುಹೋದ ಸಿಮೆಂಟಿನ ತಿಳಿ, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕಸವೆಲ್ಲ ಮೇಲೆ ಬಂದು ನಿಲ್ಲುವಂತೆ, ಪೈಲಿನ ಕೊಳೆಯೂ ತಲೆಗೆ ಬರುತ್ತದೆ. ಅದನ್ನು ತೆಗೆದುಹಾಕಲೆಂದೇ ಕಟ್-ಆಫ್ ಮಟ್ಟಕ್ಕಿಂತ ಮೇಲಕ್ಕೆ ಕಾಂಕ್ರೀಟ್ ತುಂಬುವುದು. ಒಡೆದುಹಾಕುವ ಆ ಮೀಟರು ಇಲ್ಲದಿದ್ದರೆ ಅದೇ ಕೊಳೆ ಕಟ್-ಆಫ್ ಮಟ್ಟದಲ್ಲಿ, ಪೈಲ್ ಕ್ಯಾಪಿನ ಬುಡದಲ್ಲೇ ನಿಲ್ಲುತ್ತಿತ್ತು. ಕಟ್ಟಡದ ಭಾರ ಕಂಬಕ್ಕೆ ಇಳಿಯುವ ಜಾಗವೇ ಅದು.

ಎಷ್ಟು ಮೇಲಕ್ಕೆ? ಭಾರತೀಯ ಮಾನಕ ಬ್ಯೂರೋದ ಐಎಸ್ 2911ರ 2010ರ ಆವೃತ್ತಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಟ್ರೆಮಿಯಿಂದ ಹಾಕುವಾಗ ಕಾಂಕ್ರೀಟ್ ಕೆಲಸದ ಮಟ್ಟದವರೆಗೂ ಬಂದು ಉಕ್ಕಿ ಹರಿಯಬೇಕು, ಅದನ್ನು ಕಣ್ಣಿನಿಂದ ನೋಡಿ ಪರೀಕ್ಷಿಸಬೇಕು. ಇಲ್ಲವೇ ಕಟ್-ಆಫ್ ಮಟ್ಟಕ್ಕಿಂತ ಕನಿಷ್ಠ ಒಂದು ಮೀಟರ್ ಮೇಲಿರಬೇಕು. ಟ್ರೆಮಿ ಬಳಸದ ಕಡೆ, ಕಟ್-ಆಫ್ ಕೆಲಸದ ಮಟ್ಟದಿಂದ ಒಂದೂವರೆ ಮೀಟರಿಗಿಂತ ಕಡಿಮೆ ಆಳದಲ್ಲಿದ್ದರೆ 600 ಮಿಲಿಮೀಟರ್ ಸಾಕು. ಅದಕ್ಕಿಂತ ಆಳಕ್ಕೆ ಹೋದಂತೆ ಪ್ರತಿ 300 ಮಿಲಿಮೀಟರಿಗೆ 50 ಮಿಲಿಮೀಟರಿನಂತೆ ಸೇರಿಸುತ್ತಾ ಹೋಗಬೇಕು. ನೆಲಮಾಳಿಗೆ ಇರುವ ಕಟ್ಟಡದಲ್ಲಿ ಕಟ್-ಆಫ್ ನಾಲ್ಕೂವರೆ ಮೀಟರ್ ಕೆಳಗಿದ್ದರೆ, ಒಂದೂವರೆ ಕಳೆದು ಉಳಿದ ಮೂರು ಮೀಟರಿಗೆ ಹತ್ತು ಸಲ 50, ಅಂದರೆ 500. ಒಟ್ಟು 1100 ಮಿಲಿಮೀಟರ್. ಆಳ ಹೆಚ್ಚಿದಷ್ಟೂ ಮೇಲಿಂದ ನೋಡಿ ಮಟ್ಟ ಹೇಳುವುದು ಕಷ್ಟ, ಆದ್ದರಿಂದ ಕೈ ಬಿಚ್ಚಿ ಹಾಕಬೇಕು. ಕಟ್-ಆಫ್ ಅಂತರ್ಜಲದ ಮಟ್ಟಕ್ಕಿಂತ ಕೆಳಗಿದ್ದರೆ ಇನ್ನೊಂದು ಮಾತಿದೆ. ಹೊರಗಿನ ನೀರು ಹಸಿ ಕಾಂಕ್ರೀಟಿನೊಳಗೆ ನುಗ್ಗದಂತೆ, ಮೇಲಿನ ಕಾಂಕ್ರೀಟಿನ ಒತ್ತಡ ನೀರಿನ ಒತ್ತಡಕ್ಕೆ ಸಮನಾಗಿಯೋ ಹೆಚ್ಚಾಗಿಯೋ ಇರಬೇಕು. ನದಿಯಂಚಿನ ಜಾಗಗಳಲ್ಲಿ ಈ ಮಾತು ಮರೆಯುವಂಥದ್ದಲ್ಲ.

ನಮ್ಮ ಉದಾಹರಣೆಯಲ್ಲಿ ಕಟ್-ಆಫ್ ಇರುವುದು ಒಂದೂವರೆ ಮೀಟರ್ ಕೆಳಗೆ. ಒಂದೇ ಮೀಟರ್ ಹೆಚ್ಚು ಹಾಕಿ ನಿಲ್ಲಿಸಬಹುದೇ? ನಿಯಮದ ಪ್ರಕಾರ ಸಾಲುತ್ತದೆ. ಆದರೆ ಕೇಸಿಂಗ್ ಇನ್ನೂ ಒಳಗಿದೆ, ಅದನ್ನು ಕೀಳಬೇಕು. ಹತ್ತು ಮಿಲಿಮೀಟರ್ ದಪ್ಪದ, ಒಳವ್ಯಾಸ 600 ಇರುವ ಕೇಸಿಂಗ್ ನಾಲ್ಕು ಮೀಟರ್ ಆಳದವರೆಗೆ ಇದ್ದರೆ, ಅದು ಹೊರಬಂದಾಗ ಉಕ್ಕು ಬಿಟ್ಟ ಜಾಗಕ್ಕೆ ಕಾಂಕ್ರೀಟ್ ಹರಿದು ಮಟ್ಟ ಇಳಿಯುತ್ತದೆ. ಲೆಕ್ಕ ಹಾಕಿದರೆ ಇಪ್ಪತ್ತು ಸೆಂಟಿಮೀಟರಿಗೂ ಮೇಲೆ. ಕೇಸಿಂಗ್‌ನ ಹೊರಗೆ ಮಣ್ಣು ಪೊಳ್ಳಾಗಿದ್ದರೆ ಇನ್ನೂ ಹೆಚ್ಚು. ಒಂದು ಮೀಟರ್ ಎಂದು ಅಳೆದು ನಿಲ್ಲಿಸಿದ್ದು ಸಂಜೆಯ ಹೊತ್ತಿಗೆ ಮುಕ್ಕಾಲು ಮೀಟರ್ ಆಗಿರುತ್ತದೆ, ಮತ್ತು ಅದನ್ನು ಯಾರೂ ನೋಡಿರುವುದಿಲ್ಲ. ನೆಲಮಟ್ಟದವರೆಗೆ ತುಂಬಿಸಿದರೆ ಕೇಸಿಂಗ್ ಕಿತ್ತ ಮೇಲೂ ಸುಮಾರು 1.25 ಮೀಟರ್ ಉಳಿಯುತ್ತದೆ. ಕಟ್-ಆಫ್ ಇಷ್ಟು ಹತ್ತಿರವಿದ್ದಾಗ ಉಳಿದ ಅರ್ಧ ಮೀಟರಿಗೆ ಜಿಪುಣತನ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಒಂದೂವರೆ ಮೀಟರಿಗೆ ತಗಲುವುದು 0.42 ಘನ ಮೀಟರ್. ಒಟ್ಟು 5.09 ಆಯಿತು.

ಇದು ಕಾಗದದ ಮೇಲಿನ ಸಂಖ್ಯೆ. ನೆಲದೊಳಗಿನ ತೂತು ಕಾಗದದ ಹಾಗಿರುವುದಿಲ್ಲ. ಉಳಿ ಎತ್ತಿ ಬಿಡುವಾಗ ಗೋಡೆಗೆ ತಾಗುತ್ತದೆ, ಸಡಿಲ ಮರಳು ಜಾರುತ್ತದೆ. 600 ಎಂದು ಕೊರೆದದ್ದು 630 ಆಗುವುದು ತೀರಾ ಸಾಮಾನ್ಯ. ವ್ಯಾಸ ಹೆಚ್ಚಾದದ್ದು ನೂರಕ್ಕೆ ಐದು ಮಾತ್ರ. ಆದರೆ ಸೂತ್ರದಲ್ಲಿ D ಎರಡು ಸಲ ಬರುವುದರಿಂದ ಕಾಂಕ್ರೀಟ್ ಹೆಚ್ಚಾಗುವುದು ನೂರಕ್ಕೆ ಹತ್ತಕ್ಕೂ ಮೇಲೆ. 5.09 ಇದ್ದದ್ದು 5.61 ಆಗುತ್ತದೆ. ಅನುಭವಿ ಗುತ್ತಿಗೆದಾರರು ಕಾಗದದ ಲೆಕ್ಕದ ಮೇಲೆ ನೂರಕ್ಕೆ ಹತ್ತು ಸೇರಿಸಿ ಸಾಮಾನು ಸಿದ್ಧ ಮಾಡಿಕೊಳ್ಳುವುದು ಇದಕ್ಕೇ. ಮರಳು ತೀರಾ ಸಡಿಲವಿದ್ದರೆ ಹತ್ತೂ ಸಾಲದು.

ಸೈಟಿನಲ್ಲೇ ಮಿಕ್ಸರ್ ಇಟ್ಟು ಕಲಸುವ ಕಡೆ ಈ ಸಂಖ್ಯೆಯನ್ನು ಮೂಟೆಗೆ ಇಳಿಸಿಕೊಳ್ಳುವುದು ಸುಲಭ. ಇಂಥ ಪೈಲಿಗೆ ಘನ ಮೀಟರಿಗೆ ಕನಿಷ್ಠ 400 ಕಿಲೋ ಸಿಮೆಂಟ್ ಇರಬೇಕೆಂದು ಅದೇ ಐಎಸ್ 2911 ಹೇಳುತ್ತದೆ. ಐವತ್ತು ಕಿಲೋದ ಎಂಟು ಮೂಟೆ. ಹಾಗಾದರೆ 5.61 ಘನ ಮೀಟರಿಗೆ 45 ಮೂಟೆ. ಇನ್ನೂ ಉಪಯೋಗದ ಲೆಕ್ಕ ಇದರಿಂದಲೇ ಹುಟ್ಟುತ್ತದೆ. ಒಂದು ಮೂಟೆಯ ಕಾಂಕ್ರೀಟ್ 600ರ ತೂತಿನಲ್ಲಿ ಸುಮಾರು 44 ಸೆಂಟಿಮೀಟರ್ ಏರಬೇಕು, 630ರ ತೂತಿನಲ್ಲಿ 40. ಎಂಟು ಮೂಟೆ ಹಾಕಿದಾಗ ಮೂರು ಚಿಲ್ಲರೆ ಮೀಟರ್. ಈ ಒಂದು ಅಂಕಿ ತಲೆಯಲ್ಲಿದ್ದರೆ ತೂತಿನೊಳಗೆ ಇಳಿಯದೆಯೇ ಒಳಗೆ ಆಗುತ್ತಿರುವುದನ್ನು ತಿಳಿಯಬಹುದು.

ಆ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡೋಣ. ಮೊದಲ ಹತ್ತು ಮೂಟೆ ಹೋದ ಮೇಲೆ ಗುಂಡು ಕಟ್ಟಿದ ಟೇಪ್ ಇಳಿಬಿಡುತ್ತಾರೆ. ಬೆಂಟೊನೈಟಿನಲ್ಲಿ ಸಲೀಸಾಗಿ ಇಳಿದ ಗುಂಡು ಕಾಂಕ್ರೀಟ್ ತಾಗಿದಾಗ ಟೇಪು ಸಡಿಲವಾಗುತ್ತದೆ. ಎರಡು ಮೂರು ಸಲ ಎತ್ತಿ ಬಿಟ್ಟು, ತೂತಿನ ಬೇರೆ ಬೇರೆ ಬದಿಯಲ್ಲಿ ನೋಡಿದರೆ ಕೈಗೆ ಖಾತ್ರಿಯಾಗುತ್ತದೆ. ಟೇಪ್ ತೋರಿಸಿದ ಆಳ 14.8 ಮೀಟರ್. ತಳ 18ರಲ್ಲಿತ್ತು, ಅಂದರೆ ಏರಿದ್ದು 3.2. ಹತ್ತು ಮೂಟೆಗೆ ನಾಲ್ಕು ಮೀಟರ್ ಏರಬೇಕಿತ್ತಲ್ಲ ಎಂದು ಗಾಬರಿಪಡಬೇಕಿಲ್ಲ. ಟ್ರೆಮಿ ಪೈಪಿನೊಳಗೆ ಏಳೆಂಟು ಮೀಟರ್ ಕಾಂಕ್ರೀಟ್ ನಿಂತಿರುತ್ತದೆ. 200 ಮಿಲಿಮೀಟರ್ ಪೈಪಾದರೆ ಅದೇ ಎರಡು ಮೂಟೆಯಷ್ಟಾಗುತ್ತದೆ. ಉಳಿದ ಎಂಟಕ್ಕೆ 3.2 ಎಂದರೆ ತೂತು 630ರ ಆಸುಪಾಸಿನಲ್ಲಿದೆ. ಮುಂದಿನ ಎಂಟು ಮೂಟೆಗೆ ಮಟ್ಟ 11.7ಕ್ಕೆ ಬಂತು, 3.1 ಮೀಟರ್ ಏರಿತು. ಅದೂ ಸರಿ.

ಅದರ ಮುಂದಿನ ಎಂಟಕ್ಕೆ ಟೇಪ್ 9.5 ತೋರಿಸುತ್ತದೆ. ಏರಿದ್ದು ಬರೀ 2.2. ಒಂದು ಘನ ಮೀಟರನ್ನು 2.2ರಿಂದ ಭಾಗಿಸಿದರೆ ವಿಸ್ತೀರ್ಣ 0.45 ಚದರ ಮೀಟರ್, ಅಂದರೆ ವ್ಯಾಸ ಸುಮಾರು 760 ಮಿಲಿಮೀಟರ್. 9.5ರಿಂದ 11.7 ಮೀಟರ್ ಆಳದ ನಡುವೆ ಗೋಡೆ ಕುಸಿದು ತೂತು ಹೊಟ್ಟೆ ಬಿಟ್ಟಿದೆ. ಕೊರೆಯುವಾಗ ಬರೆದಿಟ್ಟ ಮಣ್ಣಿನ ವಿವರ ತೆಗೆದು ನೋಡಿದರೆ ಆ ಆಳದಲ್ಲಿ ಸಾಮಾನ್ಯವಾಗಿ ಸಡಿಲ ಮರಳಿನ ಪದರ ಸಿಗುತ್ತದೆ. ಇಲ್ಲಿ ಎರಡೂವರೆ ಮೂಟೆ ಹೆಚ್ಚಾಗಿ ಹೋಯಿತು. ಹಣ ಹೋದದ್ದು ನಿಜ, ಆದರೆ ಕಂಬ ಅಲ್ಲಿ ದಪ್ಪವಾಗಿದೆ, ಬಲಕ್ಕೆ ಕೊರತೆ ಇಲ್ಲ. ಆದರೆ ಉದುರಿದ ಆ ಮಣ್ಣು ಕಾಂಕ್ರೀಟಿಗೆ ಮುಂಚೆಯೇ ಹೊರಗೆ ಬಂದಿರಬೇಕು. ಪಂಜರ ಇಳಿಸಿದ ಮೇಲೆ ಮತ್ತೊಮ್ಮೆ ಫ್ಲಶಿಂಗ್ ಮಾಡಿ, ಆಳವನ್ನು ಇನ್ನೊಮ್ಮೆ ಅಳೆದದ್ದು ಈ ಕಾರಣಕ್ಕೆ. ಉಳಿದ 9.5 ಮೀಟರಿಗೆ ಇನ್ನೂ 22 ಮೂಟೆ ಹಿಡಿದು ಕೆಲಸ ಸುಮಾರು 48ಕ್ಕೆ ಮುಗಿಯುತ್ತದೆ. ಕಾಗದದ ಲೆಕ್ಕ 41 ಇತ್ತು. ನೂರಕ್ಕೆ ಹದಿನೆಂಟರಷ್ಟು ಹೆಚ್ಚು.

ಪಕ್ಕದ ಪೈಲಿನಲ್ಲಿ ಇದಕ್ಕೆ ತದ್ವಿರುದ್ಧ ಆಯಿತೆನ್ನಿ. ಎಂಟು ಮೂಟೆಗೆ ಮಟ್ಟ 4.2 ಮೀಟರ್ ಏರಿತು. ಮಾಲೀಕನಿಗೆ ಉಳಿತಾಯದಂತೆ ಕಾಣುತ್ತದೆ. ತಿಳಿದ ಇಂಜಿನಿಯರಿಗೆ ಇದು ನಿದ್ದೆ ಕೆಡಿಸುವ ಅಂಕಿ. ಭಾಗಿಸಿ ನೋಡಿದರೆ ಆ ಭಾಗದಲ್ಲಿ ಕಂಬದ ವ್ಯಾಸ 550 ಮಿಲಿಮೀಟರ್. ಅದೂ ನಾಲ್ಕು ಮೀಟರಿನ ಸರಾಸರಿ. ನಡುವೆ ಎಲ್ಲೋ ಒಂದು ಕಡೆ ಇನ್ನೂ ತೆಳುವಾಗಿರಬಹುದು. ಮೆತ್ತನೆಯ ಜೇಡಿ ಒಳಕ್ಕೆ ಹಿಂಡಿಕೊಂಡು ಬಂದರೆ ಹೀಗಾಗುತ್ತದೆ, ಕಂಬದ ಕುತ್ತಿಗೆ ಸಣ್ಣದಾಗುತ್ತದೆ. ಅಲ್ಲಿ ಕಂಬಿಗೆ ಹೊದಿಕೆಯೂ ಉಳಿಯುವುದಿಲ್ಲ, ಕರಾವಳಿಯ ಉಪ್ಪು ನೀರು ನೇರವಾಗಿ ಕಂಬಿಗೆ ತಾಗುತ್ತದೆ. ಇನ್ನೊಂದು ಸಾಧ್ಯತೆಯೂ ಇದೆ. ಗೋಡೆಯ ಮಣ್ಣು ಹಸಿ ಕಾಂಕ್ರೀಟಿನ ಮೇಲೆ ಬಿದ್ದು, ಗುಂಡು ಆ ಮಣ್ಣಿನ ಮೇಲೆ ಕೂತಿರಬಹುದು. ಟೇಪ್ ಹೇಳಿದ ಮಟ್ಟ ಕಾಂಕ್ರೀಟಿನದ್ದಲ್ಲ. ಇದು ಹೆಚ್ಚು ಅಪಾಯ, ಏಕೆಂದರೆ ಟ್ರೆಮಿ ಪೈಪನ್ನು ಎಷ್ಟು ಎತ್ತಿ ಬಿಚ್ಚಬೇಕು ಎಂದು ತೀರ್ಮಾನಿಸುವುದೂ ಇದೇ ಮಟ್ಟ ನೋಡಿ. ಕಾಂಕ್ರೀಟ್ ಇಲ್ಲಿದೆ ಎಂದು ನಂಬಿ ಪೈಪನ್ನು ಎತ್ತಿದರೆ ತುದಿ ಕಾಂಕ್ರೀಟಿನಿಂದ ಹೊರಬಂದು ಬೆಂಟೊನೈಟಿನಲ್ಲಿ ನಿಲ್ಲುತ್ತದೆ. ಆಮೇಲೆ ಸುರಿದದ್ದು ಕೆಸರಿನ ಪದರದ ಮೇಲೆ ಕೂರುತ್ತದೆ, ಕಂಬ ಎರಡು ತುಂಡಾಗುತ್ತದೆ.

ಅನುಮಾನ ಬಂದಾಗ ಮಾಡುವುದು ಇಷ್ಟು. ಕಾಂಕ್ರೀಟ್ ನಿಲ್ಲಿಸುವುದಿಲ್ಲ. ಪೈಪನ್ನು ಎತ್ತುವುದನ್ನು ಮಾತ್ರ ತಡೆದು, ನಾಲ್ಕೂ ಬದಿಯಲ್ಲಿ ಗುಂಡು ಬಿಟ್ಟು ಮಟ್ಟ ನೋಡುತ್ತಾರೆ. ಅಂಕಿಯನ್ನು ತಿದ್ದದೆ ಇದ್ದದ್ದನ್ನೇ ಬರೆಯುತ್ತಾರೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಆ ಪೈಲಿಗೆ ಸಣ್ಣ ಸುತ್ತಿಗೆಯಿಂದ ತಲೆಗೆ ತಟ್ಟಿ, ಅಲೆ ಹಿಂದಿರುಗುವುದನ್ನು ಯಂತ್ರದಲ್ಲಿ ನೋಡುವ ಪರೀಕ್ಷೆ ಮಾಡಿಸುತ್ತಾರೆ. ಅದಕ್ಕೆ ಐಎಸ್ 14893 ಎಂಬ ಪ್ರತ್ಯೇಕ ಮಾನಕವೇ ಇದೆ. ಯಾವ ಆಳದಲ್ಲಿ ಹುಡುಕಬೇಕೆಂದು ಪರೀಕ್ಷೆ ಮಾಡುವವರಿಗೆ ಮೊದಲೇ ಹೇಳಬಲ್ಲದ್ದು ಮೂಟೆ ಮತ್ತು ಮಟ್ಟದ ಆ ಪಟ್ಟಿ.

ಬರೀ ಕೊನೆಯ ಒಟ್ಟು ಸಂಖ್ಯೆ ಬರೆದಿಟ್ಟರೆ ಸಾಲದು ಎಂದು ನಾನು ಒತ್ತಿ ಹೇಳುವುದು ಇದಕ್ಕೆ. ಒಂದು ಕಡೆ ಹೊಟ್ಟೆ ಬಿಟ್ಟು ಇನ್ನೊಂದು ಕಡೆ ಕುತ್ತಿಗೆ ಸಣ್ಣಗಾದ ಪೈಲಿಗೂ ಒಟ್ಟು 45 ಮೂಟೆಯೇ ಹಿಡಿಯಬಹುದು. ಬಿಲ್ಲಿಗೆ ಅದು ಸರಿಯಾದ ಅಂಕಿ, ಕಂಬಕ್ಕೆ ಅಲ್ಲ. ಪೈಲಿನ ಕೆಲಸಕ್ಕೆ ಸಾಮಾನ್ಯವಾಗಿ ಮೀಟರ್ ಲೆಕ್ಕದಲ್ಲಿ ದರ ಹಿಡಿಯುತ್ತಾರೆ, ಮೇಲಿನ ಹೆಚ್ಚುವರಿ ಮತ್ತು ಕುಸಿತಕ್ಕೆ ಹೋದ ಕಾಂಕ್ರೀಟ್ ಎರಡೂ ಗುತ್ತಿಗೆದಾರನ ತಲೆಗೇ ಬರುತ್ತವೆ. ಕಡಿಮೆ ಹಿಡಿದರೆ ಅವನಿಗೆ ಲಾಭ. ಕಟ್ಟಿಸುವವರು ಪ್ರತಿ ಪೈಲಿನ ಪಟ್ಟಿ ಕೇಳಿ ಇಟ್ಟುಕೊಳ್ಳುವುದಕ್ಕೆ ಈ ಕಾರಣ ಒಂದೇ ಸಾಕು.

ಸಾಮಾನು ಕಡಿಮೆ ಬಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಮೂವತ್ತೇಳು ಮೂಟೆ ಸಾಕೆಂದು ತಂದಿಟ್ಟು, ಕಾಂಕ್ರೀಟ್ ಕಟ್-ಆಫ್ ಹತ್ತಿರ ಬರುವಾಗ ಮುಗಿದರೆ, ಅಂಗಡಿಯಿಂದ ಮತ್ತೆ ತರಿಸುವಷ್ಟರಲ್ಲಿ ಒಳಗಿರುವುದು ಬಿಗಿಯಲು ಶುರುವಾಗುತ್ತದೆ. ಟ್ರೆಮಿಗೆ ಬೇಕಾದ 150ರಿಂದ 180 ಮಿಲಿಮೀಟರ್ ಸ್ಲಂಪ್ ಇರುವ ಕಾಂಕ್ರೀಟ್ ಸಲೀಸಾಗಿ ಹರಿಯುತ್ತಿದ್ದದ್ದು ಪೈಪಿನೊಳಗೇ ಹಿಡಿದುಕೊಳ್ಳುತ್ತದೆ. ಆರೇಳು ಮೂಟೆ ಹೆಚ್ಚು ತಂದಿಟ್ಟು ಉಳಿದರೆ ನಾಳಿನ ಪೈಲಿಗಾಗುತ್ತದೆ.

ಕೊನೆಯ ಹಂತ ತಲೆ ಒಡೆಯುವುದು. ಕೈಯಿಂದ ಉಳಿ, ಸುತ್ತಿಗೆ ಹಿಡಿದು ಒಡೆಯುವುದಾದರೆ ಕಾಂಕ್ರೀಟ್ ಹಾಕಿ ಮೂರು ದಿನವಾದ ಮೇಲೆ, ಗಾಳಿಯ ಬ್ರೇಕರ್ ಬಳಸುವುದಾದರೆ ಏಳು ದಿನವಾದ ಮೇಲೆ ಎಂಬುದು ನಿಯಮ. ಆತುರಪಟ್ಟರೆ ಏಟು ಕೆಳಗಿನ ಒಳ್ಳೆಯ ಕಾಂಕ್ರೀಟಿಗೂ ಬಿರುಕು ತರುತ್ತದೆ. ಒಡೆಯುವಾಗ ಹತ್ತಿರ ನಿಂತು ನೋಡಿ. ಮೇಲಿನ ಪದರ ಕಂದು ಬೂದು ಬಣ್ಣದ್ದು, ಜಲ್ಲಿ ಕಡಿಮೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ, ಸುತ್ತಿಗೆ ಬಿದ್ದರೆ ಮಂಕಾದ ಸದ್ದು. ಕೆಳಗಿಳಿದಂತೆ ಜಲ್ಲಿ ಒತ್ತೊತ್ತಾಗಿ ಕಾಣುತ್ತದೆ, ಏಟಿಗೆ ಜಲ್ಲಿಯೇ ಸೀಳುತ್ತದೆ, ಸದ್ದು ಠಣ್ ಎನ್ನುತ್ತದೆ. ಕಟ್-ಆಫ್ ಮಟ್ಟ ಬರುವ ಮೊದಲೇ ಆ ಸದ್ದು ಕೇಳಿದರೆ ಹೆಚ್ಚುವರಿ ಸಾಕಷ್ಟು ಇತ್ತೆಂದು ಅರ್ಥ.

ಕಟ್-ಆಫ್ ಮುಟ್ಟಿದರೂ ಪುಡಿ ಉದುರುತ್ತಿದ್ದರೆ ಅಲ್ಲಿಗೆ ನಿಲ್ಲಿಸುವಂತಿಲ್ಲ. ಗಟ್ಟಿ ಸಿಗುವವರೆಗೂ ಕೆಳಗೆ ಒಡೆದು, ಕಂಬಿಗೆ ಅಂಟಿದ್ದನ್ನು ತೊಳೆದು, ಪಟ್ಟಿ ಕಟ್ಟಿ, ಕನಿಷ್ಠ ಅದೇ ದರ್ಜೆಯ ಕಾಂಕ್ರೀಟಿನಿಂದ ಮತ್ತೆ ಕಟ್-ಆಫ್‌ವರೆಗೆ ಎತ್ತಬೇಕು. ಸುತ್ತಲಿನ ಮಣ್ಣು ತೆಗೆದು, ಒಸರುವ ನೀರನ್ನು ಪಂಪಿನಿಂದ ಹೊರಹಾಕಿ ಮಾಡುವ ಆ ಕೆಲಸದ ಖರ್ಚು, ಮೊದಲೇ ಹಾಕಬಹುದಾಗಿದ್ದ ಮೂರೋ ನಾಲ್ಕೋ ಮೂಟೆಯ ಖರ್ಚಿಗಿಂತ ಎಷ್ಟೋ ಪಟ್ಟು ಹೆಚ್ಚು.